ರಾಡ್ ಕಡೆಯ ಹೋಸ್ ಮಾತ್ರ ಪದೇ ಪದೇ ಒಡೆಯುತ್ತಿದೆಯಾ? ಕಾರಣ ಹುಡುಕುವ ಬಗೆ

ಅಡ್ಡ ಮಲಗಿದ ಒಂದು ಹೈಡ್ರಾಲಿಕ್ ಪ್ರೆಸ್. ಸಿಲಿಂಡರ್‌ಗೆ ಎರಡು ಹೋಸ್, ಒಂದು ಪಿಸ್ಟನ್ ಕಡೆಗೆ, ಇನ್ನೊಂದು ರಾಡ್ ಕಡೆಗೆ. ಎರಡೂ ಒಂದೇ ರೋಲ್‌ನಿಂದ ಕತ್ತರಿಸಿ, ಒಂದೇ ದಿನ ಹಾಕಿದ್ದು. ಪಿಸ್ಟನ್ ಕಡೆಯದ್ದು ವರ್ಷ ದಾಟಿದರೂ ಗಟ್ಟಿಯಾಗಿದೆ. ರಾಡ್ ಕಡೆಯದ್ದು ಮಾತ್ರ ಸರಿಯಾಗಿ ಆರು ವಾರಕ್ಕೊಮ್ಮೆ ಒಡೆದು ನೆಲವೆಲ್ಲ ಎಣ್ಣೆ.

ನಾನು ಹೋಗುವ ಹೊತ್ತಿಗೆ ಅಲ್ಲಿನ ಫಿಟ್ಟರ್ ತೀರ್ಪು ಕೊಟ್ಟಾಗಿತ್ತು: "ಈಗ ಬರೋ ಹೋಸ್‌ಗಳ ಕ್ವಾಲಿಟಿನೇ ಸರಿ ಇಲ್ಲ ಸಾರ್." ಇರಬಹುದು. ಆದರೆ ಅದೇ ರೋಲ್‌ನ ಇನ್ನೊಂದು ತುಂಡು ಪಕ್ಕದಲ್ಲೇ ಆರಾಮಾಗಿ ಇತ್ತಲ್ವಾ? ಕ್ವಾಲಿಟಿ ಕೆಟ್ಟಿದ್ದರೆ ಎರಡೂ ಒಡೆಯಬೇಕಿತ್ತು. ಇಂಥ ಕಡೆ ಹೋಸನ್ನು ಬೈಯುವ ಮೊದಲು, ಆ ಹೋಸ್ ಕೂತಿರುವ ಜಾಗದಲ್ಲಿ ಏನು ನಡೆಯುತ್ತಿದೆ ಅಂತ ನೋಡಬೇಕು.

ಕೈ ಹಾಕುವ ಮೊದಲು ಒಂದು ಮಾತು. ಪಂಪ್ ನಿಲ್ಲಿಸಿದ ಮಾತ್ರಕ್ಕೆ ಲೈನಿನಲ್ಲಿ ಪ್ರೆಶರ್ ಇಲ್ಲ ಅಂತ ಅಲ್ಲ. ಎತ್ತಿ ಹಿಡಿದ ಭಾರ ಇದ್ದರೆ ಇಳಿಸಿ, ಅಕ್ಯುಮುಲೇಟರ್ ಇದ್ದರೆ ಖಾಲಿ ಮಾಡಿ, ವಾಲ್ವ್ ಲಿವರನ್ನು ಎರಡೂ ಕಡೆ ಆಡಿಸಿ ಪ್ರೆಶರ್ ಬಿಡಿ, ಗೇಜಿನಲ್ಲಿ ಸೊನ್ನೆ ನೋಡಿ. ಸಣ್ಣ ಸೋರಿಕೆಯನ್ನು ಯಾವತ್ತೂ ಬೆರಳಿನಿಂದ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಗ್ಲೌಸ್ ಅದನ್ನು ತಡೆಯುವುದಿಲ್ಲ. ಹೊರಗೆ ಚುಕ್ಕೆಯಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಉದ್ದನೆಯ ರಟ್ಟಿನ ತುಂಡು ಹಿಡಿದು ಹುಡುಕಿ.

ಒಡೆದ ಹೋಸನ್ನು ಎಸೆಯಬೇಡಿ

ಅದೃಷ್ಟಕ್ಕೆ ಹಳೆಯ ಎರಡು ಹೋಸ್‌ಗಳು ಮೂಲೆಯಲ್ಲಿ ಬಿದ್ದಿದ್ದವು. ಎರಡೂ ಒಡೆದದ್ದು ಒಂದೇ ಕಡೆ. ಸಿಲಿಂಡರ್ ತುದಿಯಲ್ಲಿ ಹೋಸನ್ನು ಫಿಟ್ಟಿಂಗ್‌ಗೆ ಕಚ್ಚಿ ಹಿಡಿಯುವ ಲೋಹದ ಬಳೆ, ಅಂದರೆ ಫೆರೂಲ್‌ನಿಂದ ಎರಡು ಬೆರಳಗಲ ಆಚೆ, ಬಾಗಿನ ಹೊರಮೈಯಲ್ಲಿ.

ಮೊದಲು ಹೋಸ್ ಮೇಲೆ ಉದ್ದಕ್ಕೂ ಅಚ್ಚಾಗಿರುವ ಅಕ್ಷರಗಳ ಸಾಲು ನೋಡಿದೆ. ಹೋಸ್ ಹಾಕಿದ ಜಾಗದಲ್ಲೇ ಆ ಸಾಲು ಬಳ್ಳಿಯಂತೆ ಸುತ್ತಿಕೊಂಡಿದ್ದರೆ, ನಟ್ ಬಿಗಿಯುವಾಗ ಹೋಸ್ ತಿರುಚಿಕೊಂಡಿದೆ ಅಂತ ಅರ್ಥ. ಮೆಷಿನ್ ಮೇಲಿದ್ದ ಹೋಸ್‌ನಲ್ಲಿ ಸಾಲು ನೇರವಾಗಿತ್ತು. ಹಾಗಾಗಿ ತಿರುಚುವಿಕೆ ಕಾರಣವಲ್ಲ. ಹೊರಗಿನ ರಬ್ಬರ್ ಎಲ್ಲೂ ಉಜ್ಜಿ ಸವೆದಿರಲಿಲ್ಲ, ತಂತಿಗೆ ತುಕ್ಕು ಹಿಡಿದಿರಲಿಲ್ಲ.

ಆಮೇಲೆ ಒಡೆದ ಜಾಗವನ್ನು ಉದ್ದಕ್ಕೆ ಸೀಳಿದೆ. ಒಳಗಿನ ರಬ್ಬರ್ ಕೊಳವೆ ಮೆತ್ತಗೆ, ಬಗ್ಗಿಸಿದರೆ ಬಗ್ಗುತ್ತಿತ್ತು. ಬಿಸಿಗೆ ಕೆಟ್ಟಿದ್ದರೆ ಅದು ಗಟ್ಟಿಯಾಗಿ, ಬಗ್ಗಿಸಿದ ಕೂಡಲೇ ಟಪ್ ಅಂತ ಬಿರಿಯುತ್ತಿತ್ತು. ಎಣ್ಣೆಗೆ ಒಗ್ಗದ ರಬ್ಬರ್ ಆಗಿದ್ದರೆ ಉಬ್ಬಿ ಅಂಟಂಟಾಗಿ ಇರುತ್ತಿತ್ತು. ಎರಡೂ ಇಲ್ಲ. ತಂತಿಯಲ್ಲಿ ಮಾತ್ರ ಕಥೆ ಇತ್ತು. ದೊಡ್ಡ ತೂತಿನ ಸುತ್ತ ಒಂದೆರಡು ಅಂಗುಲದವರೆಗೂ ತಂತಿಗಳು ಅಲ್ಲಲ್ಲಿ ಸಣ್ಣ ಸಣ್ಣ ತುಂಡಾಗಿ ಮುರಿದಿದ್ದವು. ಕವರ್ ಚೆನ್ನಾಗಿರುವ ಜಾಗದ ಕೆಳಗೂ ಮುರಿದ ತಂತಿ. ಒಂದೇ ಸಲ ಪ್ರೆಶರ್ ಮಿತಿಮೀರಿ ಒಡೆದ ಹೋಸ್ ಹೀಗಿರುವುದಿಲ್ಲ. ಅದರಲ್ಲಿ ಸೀಳಿದ ಜಾಗದ ತಂತಿ ಮಾತ್ರ ಕಿತ್ತಿರುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಇದು ದಿನವೂ ಸ್ವಲ್ಪ ಸ್ವಲ್ಪವಾಗಿ ದಣಿದು ಸತ್ತ ಹೋಸ್.

ಅಂದರೆ ಪ್ರತಿ ಸೈಕಲ್‌ನಲ್ಲೂ ಆ ಜಾಗಕ್ಕೆ ಹೊಡೆತ ಬೀಳುತ್ತಿದೆ. ಪ್ರೆಶರ್ ಹೊಡೆತವೋ, ಬಾಗಿನ ಹೊಡೆತವೋ, ಎರಡೂನೋ?

ಗೇಜ್ 180 ಅನ್ನುತ್ತದೆ, ಹೋಸ್ ಬೇರೇನೋ ಅನ್ನುತ್ತದೆ

ಹೋಸ್ ಮೇಲೆ ಅಚ್ಚಾಗಿದ್ದದ್ದು ಇಎನ್ 853 2ಎಸ್‌ಎನ್, ಅರ್ಧ ಇಂಚು. ಎರಡು ಪದರ ಹೆಣೆದ ಉಕ್ಕಿನ ತಂತಿಯ ಮಾಮೂಲಿ ಹೋಸ್. ಈ ಅಳತೆಗೆ ಕೆಲಸದ ಪ್ರೆಶರ್ 275 ಬಾರ್. ಪಂಪ್ ಪಕ್ಕದ ಗೇಜ್ ಎಂದೂ 180 ಬಾರ್ ದಾಟುತ್ತಿರಲಿಲ್ಲ. ರಿಲೀಫ್ ವಾಲ್ವ್ ಸೆಟ್ಟಿಂಗೂ ಅಷ್ಟೇ. ಲೆಕ್ಕದಲ್ಲಿ ಬೇಕಾದಷ್ಟು ಅಂತರ ಇದೆ.

ಆದರೆ ಆ ಗೇಜ್ ಇರುವುದು ಪಂಪ್ ಹತ್ತಿರ. ಒಡೆಯುತ್ತಿರುವುದು ರಾಡ್ ಕಡೆ. ಆಗ ನಾನು ಕೇಳುವ ಪ್ರಶ್ನೆ ಒಂದೇ: "ಈ ತೊಂದರೆ ಶುರುವಾಗುವ ಮುಂಚೆ ಏನು ಬದಲಾಯಿಸಿದಿರಿ?" ಏನೂ ಇಲ್ಲ ಅಂದರು. ಚಹಾ ಕುಡಿಯುವಾಗ ಆಪರೇಟರ್‌ಗೆ ನೆನಪಾಯಿತು. ರಾಡ್ ತಳ್ಳುವ ಪ್ರೆಸ್‌ನ ರಾಮ್ ಜೋರಾಗಿ ಮುಂದೆ ನುಗ್ಗುತ್ತದೆ ಅಂತ ಆರು ತಿಂಗಳ ಹಿಂದೆ ಒಂದು ಫ್ಲೋ ಕಂಟ್ರೋಲ್ ವಾಲ್ವ್ ಹಾಕಿದ್ದರಂತೆ. ಎಲ್ಲಿ? ರಾಡ್ ಕಡೆಯ ಲೈನಿನಲ್ಲಿ, ವಾಲ್ವ್ ಬ್ಲಾಕ್ ಪಕ್ಕ. ಸಿಲಿಂಡರ್‌ನಿಂದ ಹೊರಗೆ ಬರುವ ಎಣ್ಣೆಯನ್ನು ಹಿಡಿಯುವ ಹಾಗೆ.

ಗಂಟು ಇದ್ದದ್ದು ಇಲ್ಲೇ. ಪಿಸ್ಟನ್‌ನ ಒಂದು ಕಡೆ ಪೂರ್ತಿ ವಿಸ್ತೀರ್ಣ. ಇನ್ನೊಂದು ಕಡೆ ರಾಡ್ ಜಾಗ ತಿಂದಿರುವುದರಿಂದ ಉಳಿದ ಬಳೆಯಷ್ಟು ಮಾತ್ರ. ಹೊರಗೆ ಹೋಗುವ ಎಣ್ಣೆಯನ್ನು ತಡೆದರೆ, ಆ ಸಣ್ಣ ವಿಸ್ತೀರ್ಣವೇ ಪಿಸ್ಟನ್ ಕಡೆಯ ಪೂರ್ತಿ ತಳ್ಳುವ ಬಲವನ್ನು ಹೊರಬೇಕು. ವಿಸ್ತೀರ್ಣ ಕಡಿಮೆ, ಬಲ ಅಷ್ಟೇ. ಹಾಗಾಗಿ ಪ್ರೆಶರ್ ಏರುತ್ತದೆ. ಈ ಸಿಲಿಂಡರ್ ಬೋರ್ 80 ಮಿ.ಮೀ., ರಾಡ್ 56 ಮಿ.ಮೀ.

```
A1 = 0.7854 × 80²           = 5027 mm²
A2 = 0.7854 × (80² − 56²)   = 2564 mm²
A1 / A2                     = 1.96
180 bar × 1.96              = 353 bar
```

ರಾಮ್ ಮುಂದೆ ಏನೂ ತಡೆ ಇಲ್ಲದೆ ಹೋಗುವಾಗ ಇದು ಪೂರ್ತಿ ಬರುತ್ತದೆ. ಅಂದರೆ ಮೆಷಿನ್ ಖಾಲಿ ಓಡುವಾಗಲೇ ಹೋಸ್‌ಗೆ ಜಾಸ್ತಿ ಕಷ್ಟ! ಕೆಲಸದ ಭಾರ ಬಿದ್ದ ಕೂಡಲೇ ರಾಡ್ ಕಡೆಯ ಪ್ರೆಶರ್ ಇಳಿಯುತ್ತದೆ. ಪಂಪ್ ಪಕ್ಕದ ರಿಲೀಫ್ ವಾಲ್ವ್‌ಗೆ ಈ ವಿಷಯ ಗೊತ್ತೇ ಆಗುವುದಿಲ್ಲ. ಅದು ನೋಡುವುದು ಪಂಪ್ ಕಡೆಯನ್ನು ಮಾತ್ರ.

ಲೆಕ್ಕ ಹೇಳಿದರೆ ಯಾರೂ ನಂಬುವುದಿಲ್ಲ, ಮುಳ್ಳು ತೋರಿಸಬೇಕು. ಸಿಲಿಂಡರ್‌ನ ರಾಡ್ ಪೋರ್ಟ್ ಹತ್ತಿರ ಒಂದು ಟೆಸ್ಟ್ ಪಾಯಿಂಟ್ ಹಾಕಿ 600 ಬಾರ್ ಗೇಜ್ ಜೋಡಿಸಿದೆವು. ಸುಮ್ನೆ ಕೈಗೆ ಸಿಕ್ಕಿದ 250ರ ಗೇಜ್ ಹಾಕಿದ್ದರೆ ಅದರ ಆಯಸ್ಸು ಅಲ್ಲಿಗೇ ಮುಗಿಯುತ್ತಿತ್ತು. ರಾಮ್ ಹೊರಟ ಕೂಡಲೇ ಮುಳ್ಳು 340ಕ್ಕೆ ಹೋಗಿ ನಿಂತಿತು. ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ, ಸೀಲ್‌ಗಳ ಘರ್ಷಣೆಯಲ್ಲಿ ಹೋಗಿದ್ದು. ಫಿಟ್ಟರ್ ಗೇಜನ್ನೇ ಒಮ್ಮೆ ಬೆರಳಲ್ಲಿ ತಟ್ಟಿ ನೋಡಿದ.

ಇನ್ನೂ ಒಂದು ವಿಷಯ. ಗ್ಲಿಸರಿನ್ ತುಂಬಿದ ಗೇಜ್‌ನ ಮುಳ್ಳು ನಿಧಾನ. ವಾಲ್ವ್ ಫಕ್ಕನೆ ಮುಚ್ಚಿದಾಗ ಏಳುವ ಕ್ಷಣದ ಏರಿಕೆ ಅದರಲ್ಲಿ ಕಾಣುವುದಿಲ್ಲ. ಅದನ್ನು ಹಿಡಿಯಬೇಕಾದರೆ ಪ್ರೆಶರ್ ಸೆನ್ಸರ್ ಮತ್ತು ಬೇಗ ಬರೆದುಕೊಳ್ಳುವ ರೆಕಾರ್ಡರ್ ಬೇಕು. ಹೋಸ್ ಆಯ್ಕೆಗೆ ಲೆಕ್ಕ ಹಿಡಿಯುವುದು ಆ ಏರಿಕೆಯೂ ಸೇರಿದ ಅತಿ ಹೆಚ್ಚಿನ ಪ್ರೆಶರನ್ನು. ರಿಲೀಫ್ ಸೆಟ್ಟಿಂಗನ್ನಲ್ಲ.

"ಬರ್ಸ್ಟ್ 1100 ಇದೆಯಲ್ಲ ಸಾರ್, 340ಕ್ಕೆ ಏನಾಗುತ್ತೆ?"

ಈ ಪ್ರಶ್ನೆ ಬಂದೇ ಬರುತ್ತದೆ. ಕ್ಯಾಟಲಾಗ್ ಪ್ರಕಾರ ಈ ಹೋಸ್ ಒಡೆಯಬೇಕಾದ್ದು ಕನಿಷ್ಠ 1100 ಬಾರ್‌ಗೆ. ಅದು 275ರ ನಾಲ್ಕು ಪಟ್ಟು. ಹೈಡ್ರಾಲಿಕ್ ಹೋಸ್‌ಗಳಿಗೆ ಈ 4:1 ಸುರಕ್ಷತಾ ಅಂಶ ಸಾಮಾನ್ಯ ನಿಯಮ. ಆದರೆ ಆ 1100 ಬರುವುದು ಹೇಗೆ ಅಂತ ನೋಡಿ. ಹೊಸ ಹೋಸ್ ತುಂಡನ್ನು ತಂದು, ಒಂದೇ ಸಲ, ಒಡೆಯುವವರೆಗೂ ಪ್ರೆಶರ್ ಏರಿಸುತ್ತಾರೆ. ಅಲ್ಲಿ ಬಿಸಿ ಇಲ್ಲ, ಅಲುಗಾಟ ಇಲ್ಲ, ಹಳತಾಗುವ ಪ್ರಶ್ನೆ ಇಲ್ಲ. ಅದು ಒಂದು ದಿನದ ಶಕ್ತಿ. ನಮಗೆ ಬೇಕಾದ್ದು ವರ್ಷಗಟ್ಟಲೆ ಉಳಿಯುವ ಶಕ್ತಿ. ಆ ನಾಲ್ಕು ಪಟ್ಟು ಇರುವುದು ಬಿಸಿ, ಹೊಡೆತ, ವಯಸ್ಸು ಇವೆಲ್ಲ ತಿನ್ನಲಿ ಅಂತ. ನಾವು ಕೆಲಸಕ್ಕೆ ಬಳಸಿಕೊಳ್ಳಲಿ ಅಂತ ಅಲ್ಲ. 340 ಬಾರ್‌ನಲ್ಲಿ ಓಡಿಸಿದರೆ ಮೊದಲ ದಿನವೇ ನಾಲ್ಕು ಪಟ್ಟು ಹೋಗಿ 3.2 ಪಟ್ಟು ಉಳಿದಿರುತ್ತದೆ.

ಆಯಸ್ಸಿನ ಬಗ್ಗೆ ಹೇಳುವ ಪರೀಕ್ಷೆ ಬೇರೆಯೇ ಇದೆ, ಇಂಪಲ್ಸ್ ಪರೀಕ್ಷೆ. 2ಎಸ್‌ಎನ್ ಹೋಸನ್ನು ಅದರ ಕನಿಷ್ಠ ಬಾಗಿನಲ್ಲಿ ಹಿಡಿದು, 100 ಡಿಗ್ರಿ ಬಿಸಿ ಎಣ್ಣೆಯಲ್ಲಿ, ಕೆಲಸದ ಪ್ರೆಶರಿನ ಶೇ. 133ರವರೆಗೆ ಮತ್ತೆ ಮತ್ತೆ ಹೊಡೆಯುತ್ತಾರೆ. ಕನಿಷ್ಠ 2 ಲಕ್ಷ ಸಲ ತಾಳಬೇಕು. 275ರ ಶೇ. 133 ಅಂದರೆ ಸುಮಾರು 366 ಬಾರ್. ನಮ್ಮ ಮೆಷಿನ್ ಕೊಡುತ್ತಿದ್ದ 340ಕ್ಕೆ ಇದು ತುಂಬಾ ಹತ್ತಿರ. ಅಂದರೆ ಲ್ಯಾಬಿನಲ್ಲಿ ಹೋಸನ್ನು ಸಾಯಿಸಲು ಬಳಸುವ ಪ್ರೆಶರಿನಲ್ಲೇ ನಾವು ದಿನಾ ದುಡಿಸುತ್ತಿದ್ದೆವು.

ಪ್ರೆಸ್ 40 ಸೆಕೆಂಡಿಗೆ ಒಂದು ಸೈಕಲ್, ದಿನಕ್ಕೆ 16 ಗಂಟೆ. ಅಂದರೆ ದಿನಕ್ಕೆ 1440 ಸೈಕಲ್. 2 ಲಕ್ಷ ಮುಟ್ಟಲು ಸುಮಾರು 139 ದಿನ, ನಾಲ್ಕೂವರೆ ತಿಂಗಳು. ನಮ್ಮದು ಆರು ವಾರಕ್ಕೇ ಒಡೆಯುತ್ತಿತ್ತು, ಬರೀ 60 ಸಾವಿರ ಸೈಕಲ್. ಲ್ಯಾಬ್ ಲೆಕ್ಕವನ್ನು ಹಾಗೇ ಮೆಷಿನ್ ಮೇಲೆ ಹೊರಿಸುವುದು ಸರಿಯಲ್ಲ, ಅಂದಾಜಿಗೆ ಮಾತ್ರ. ಆದರೂ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಪ್ರೆಶರ್ ಒಂದೇ ಸಾಲದು ಅನ್ನಿಸಿತು. ಒಡೆದ ಜಾಗ ಬಾಗಿನ ಹೊರಮೈ ಅನ್ನುವುದು ಮನಸ್ಸಿನಲ್ಲಿ ಇತ್ತಲ್ಲ.

ಬಾಗನ್ನು ಕಣ್ಣಳತೆಯಲ್ಲಿ ಬಿಡಬೇಡಿ

ಅರ್ಧ ಇಂಚಿನ 2ಎಸ್‌ಎನ್‌ಗೆ ಕನಿಷ್ಠ ಬೆಂಡ್ ರೇಡಿಯಸ್ 180 ಮಿ.ಮೀ. ಮೆಷಿನ್ ಮೇಲಿರುವ ಹೋಸ್‌ನ ತ್ರಿಜ್ಯವನ್ನು ಅಳೆಯುವುದು ಹೇಗೆ? ಸಿಲಿಂಡರ್ ಅತಿ ಕಷ್ಟದ ಜಾಗದಲ್ಲಿ ಇರುವಾಗ ನಿಲ್ಲಿಸಿ ಪ್ರೆಶರ್ ಬಿಡಿ. ಇಲ್ಲಿ ಅದು ರಾಡ್ ಪೂರ್ತಿ ಒಳಗೆ ಬಂದಾಗ. ಬಾಗಿನ ಒಳಮೈಗೆ ಒಂದು ರಟ್ಟು ಹಿಡಿದು ಗೆರೆ ಎಳೆಯಿರಿ. ಗೆರೆಯ ಅತಿ ಬಿಗಿಯಾದ ಕಡೆ ಎರಡು ಚುಕ್ಕಿ ಇಟ್ಟು ಅಳೆಯಿರಿ. ಅವುಗಳ ಮಧ್ಯದ ನೇರ ದೂರ c, ಆ ನೇರ ಗೆರೆಯಿಂದ ಬಾಗಿನ ತುದಿಗೆ ಇರುವ ಎತ್ತರ h. ನಮಗೆ ಸಿಕ್ಕಿದ್ದು 150 ಮತ್ತು 24 ಮಿ.ಮೀ.

```
R = c² / (8h) + h/2
R = 150² / (8 × 24) + 24/2 = 117 + 12 = 129 mm
```

180 ಬೇಕಾದಲ್ಲಿ 129. ಅದೂ ಪ್ರತಿ ಸೈಕಲ್‌ನಲ್ಲಿ ಅಲುಗಾಡುವ ಹೋಸ್. ಒಂದು ಎಚ್ಚರಿಕೆ: ಕೆಲವು ಕಂಪನಿಗಳು ರೇಡಿಯಸ್ಸನ್ನು ಒಳಮೈಗೆ ಹೇಳುತ್ತವೆ, ಕೆಲವು ಹೋಸ್‌ನ ನಡುಗೆರೆಗೆ. ನಿಮ್ಮ ಕ್ಯಾಟಲಾಗ್ ಯಾವುದನ್ನು ಹೇಳುತ್ತಿದೆ ಅಂತ ನೋಡಿಕೊಂಡೇ ಹೋಲಿಸಿ.

ಬಿಗಿಯಾಗಿ ಬಾಗಿಸಿದರೆ ಯಾಕೆ ಕೆಡುತ್ತದೆ? ಹೆಣೆದ ತಂತಿ ಹೋಸ್‌ನ ಉದ್ದಕ್ಕೆ ಸುಮಾರು 54.7 ಡಿಗ್ರಿ ಕೋನದಲ್ಲಿ ಇದ್ದರೆ, ಪ್ರೆಶರ್ ಬಂದಾಗ ಹೋಸ್ ಉದ್ದವೂ ಆಗುವುದಿಲ್ಲ, ಗಿಡ್ಡವೂ ಆಗುವುದಿಲ್ಲ. ತಂತಿಗಳೆಲ್ಲ ಸಮನಾಗಿ ಭಾರ ಹಂಚಿಕೊಳ್ಳುತ್ತವೆ. ಬಿಗಿಯಾಗಿ ಬಾಗಿಸಿದಾಗ ಹೊರಮೈಯಲ್ಲಿ ಹೆಣಿಗೆ ಅಗಲಗೊಂಡು ತೆರೆದುಕೊಳ್ಳುತ್ತದೆ, ಒಳಮೈಯಲ್ಲಿ ಒತ್ತೊತ್ತಾಗಿ ಗುಂಪು ಸೇರುತ್ತದೆ. ಕೋನ ಕೆಡುತ್ತದೆ. ಹೊರಮೈಯ ತಂತಿಗಳು ತಮ್ಮ ಪಾಲಿಗಿಂತ ಜಾಸ್ತಿ ಹೊರುತ್ತವೆ. ಪ್ರೆಶರ್ ಬಂದಾಗ ಬಾಗಿದ ಹೋಸ್ ನೆಟ್ಟಗಾಗಲು ನೋಡುತ್ತದೆ, ಇಳಿದಾಗ ಮತ್ತೆ ಬಾಗುತ್ತದೆ. ಈ ಕುಲುಕಾಟ ಹೋಗಿ ನಿಲ್ಲುವುದು ಫೆರೂಲ್ ಪಕ್ಕದಲ್ಲಿ, ಯಾಕೆಂದರೆ ಫೆರೂಲ್ ಬಾಗುವುದಿಲ್ಲ. ಅದಕ್ಕೇ ಫೆರೂಲ್ ಮುಗಿದ ಮೇಲೆ ಹೋಸ್‌ನ ಹೊರವ್ಯಾಸದ ಕನಿಷ್ಠ ಎರಡರಷ್ಟು ದೂರ ನೇರ ಹೋಗಿ ಆಮೇಲೆ ಬಾಗು ಶುರುವಾಗಬೇಕು. ಇಲ್ಲಿ ಫೆರೂಲ್ ಬಾಯಲ್ಲೇ ಬಾಗು ಶುರು.

ಗಟ್ಟಿ ಹೋಸ್ ಹಾಕಿದ್ದೇ ಕೆಟ್ಟದ್ದಾಯಿತು

ನಾನು ಬರುವ ಮೊದಲು ಅವರು ಒಂದು ಪ್ರಯೋಗ ಮಾಡಿದ್ದರು. ಎರಡು ಪದರದ್ದು ತಾಳದಿದ್ದರೆ ನಾಲ್ಕು ಪದರದ್ದು ಹಾಕೋಣ ಅಂತ 4ಎಸ್‌ಪಿ ತಂದು ಹಾಕಿದರು. ಅರ್ಧ ಇಂಚಿನಲ್ಲಿ ಅದರ ಕೆಲಸದ ಪ್ರೆಶರ್ 415 ಬಾರ್. ಪ್ರೆಶರ್ ಮಟ್ಟಿಗೆ ಸರಿಯಾದ ಆಯ್ಕೆಯೇ. ಮೂರು ವಾರಕ್ಕೆ ಅದು ಫೆರೂಲ್ ಬುಡದಲ್ಲಿ ಸೋರಲು ಶುರುವಾಯಿತು.

ಯಾಕೆ ಅಂತ ಈಗ ಊಹಿಸಬಹುದು. ಆ ಹೋಸ್‌ನ ಕನಿಷ್ಠ ಬೆಂಡ್ ರೇಡಿಯಸ್ 230 ಮಿ.ಮೀ. ಜಾಗ ಇದ್ದದ್ದು 129. ದಪ್ಪ ತಂತಿಯ ಬಿರುಸು ಹೋಸನ್ನು ಬಲವಂತವಾಗಿ ಬಗ್ಗಿಸಿ ಕೂರಿಸಿದ್ದರು. ಅದು ನೆಟ್ಟಗಾಗಲು ಹವಣಿಸುತ್ತಾ ಪೂರ್ತಿ ಬಲವನ್ನು ಫೆರೂಲ್ ಮೇಲೆ ಹಾಕುತ್ತಿತ್ತು. ಪ್ರೆಶರ್ ರೇಟಿಂಗ್ ಏರಿಸಿದರೆ ಸಾಮಾನ್ಯವಾಗಿ ಬೇಕಾಗುವ ಜಾಗವೂ ಏರುತ್ತದೆ. ಇವೆರಡನ್ನೂ ಒಟ್ಟಿಗೇ ನೋಡಬೇಕು.

ಇದರ ಅಣ್ಣನಂಥ ಇನ್ನೊಂದು ತಪ್ಪಿದೆ. ಅರ್ಧ ಇಂಚು ಒಡೆದರೆ ಮುಕ್ಕಾಲು ಇಂಚು ಹಾಕುವುದು. ಅದೇ 2ಎಸ್‌ಎನ್‌ನಲ್ಲಿ ಮುಕ್ಕಾಲು ಇಂಚಿನ ರೇಟಿಂಗ್ 215 ಬಾರ್, ಒಂದು ಇಂಚಿನದ್ದು 165. ದೊಡ್ಡದಾದಷ್ಟೂ ಪ್ರೆಶರ್ ತಾಳುವುದು ಕಡಿಮೆ.

ಫಿಟ್ಟಿಂಗ್‌ಗೂ ಒಂದು ರೇಟಿಂಗ್ ಇದೆ

4ಎಸ್‌ಪಿ ಹಾಕಿದಾಗ ಅವರು ತುದಿಯ ಫಿಟ್ಟಿಂಗ್ ಬದಲಾಯಿಸಿರಲಿಲ್ಲ. 24 ಡಿಗ್ರಿ ಕೋನಿನ 15ಎಲ್, ಅಂದರೆ 15 ಮಿ.ಮೀ. ಟ್ಯೂಬಿನ ಲೈಟ್ ಸೀರೀಸ್. ಅದರ ರೇಟಿಂಗ್ 315 ಬಾರ್. ಹೋಸ್ 415 ಆದರೂ ಜೋಡಣೆಯ ರೇಟಿಂಗ್ 315ಕ್ಕೇ ನಿಂತಿತು. ಇಡೀ ಸರಪಳಿಯಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ನಿಜವಾಗಿ 340ರಲ್ಲಿ ಓಡಿಸಬೇಕಿದ್ದರೆ ಹೆವಿ ಸೀರೀಸ್ ಬೇಕಿತ್ತು, ಉದಾಹರಣೆಗೆ 400 ಬಾರ್‌ನ 16ಎಸ್. ಇವೆರಡರ ಥ್ರೆಡ್ಡೂ ಬೇರೆ, 15ಎಲ್‌ಗೆ ಎಂ22, 16ಎಸ್‌ಗೆ ಎಂ24. ಹಾಗಾಗಿ ಸಿಲಿಂಡರ್ ಕಡೆಯ ಅಡಾಪ್ಟರೂ ಬದಲಾಗಬೇಕು.

ಫೆರೂಲನ್ನು ಹೋಸ್ ಮೇಲೆ ಅದುಮಿ ಕೂರಿಸುವ ಕ್ರಿಂಪ್ ಬಗ್ಗೆ ಚಿಕ್ಕದಾಗಿ. ಒಂದು ಕಂಪನಿಯ ಹೋಸ್, ಇನ್ನೊಂದರ ಫೆರೂಲ್, ಅಂದಾಜಿನ ಕ್ರಿಂಪ್ ವ್ಯಾಸ ಇವು ಸೇರಿದರೆ ಕ್ಯಾಟಲಾಗಿನ ಯಾವ ಅಂಕಿಗೂ ಬೆಲೆ ಇಲ್ಲ. ಹೋಸ್ ಫಿಟ್ಟಿಂಗ್‌ನೊಳಗೆ ಪೂರ್ತಿ ಹೋಗಿದೆಯಾ ಅಂತ ಗುರುತು ಹಾಕಿ ನೋಡಬೇಕು, ಕ್ರಿಂಪ್ ಆದ ಮೇಲೆ ವ್ಯಾಸ ಅಳೆದು ಆ ಕಂಪನಿಯ ಟೇಬಲ್‌ಗೆ ಹೋಲಿಸಬೇಕು. ಹೋಸ್ ಒಡೆಯದೆ ಫಿಟ್ಟಿಂಗ್‌ನಿಂದ ಪೂರ್ತಿ ಕಿತ್ತು ಬಂದಿದ್ದರೆ ಮೊದಲು ಇಲ್ಲೇ ಹುಡುಕಿ.

ಏನು ಮಾಡಿದೆವು

ಮೊದಲು ಪ್ರೆಶರ್. ಫ್ಲೋ ಕಂಟ್ರೋಲ್ ವಾಲ್ವನ್ನು ಪಿಸ್ಟನ್ ಕಡೆಗೆ ಸರಿಸಿ, ಒಳಗೆ ಹೋಗುವ ಎಣ್ಣೆಯನ್ನು ಹಿಡಿಯುವ ಹಾಗೆ ಮಾಡಿದೆವು. ರಾಮ್ ಅಡ್ಡವಾಗಿ ಚಲಿಸುತ್ತದೆ, ಭಾರ ಅದನ್ನು ಎಳೆದುಕೊಂಡು ಹೋಗುವುದಿಲ್ಲ. ಹಾಗಾಗಿ ಇದು ನಡೆಯುತ್ತದೆ. ಭಾರ ಕೆಳಗೆ ಇಳಿಯುವ ಸಿಲಿಂಡರ್ ಆಗಿದ್ದರೆ ಖಂಡಿತ ಹೀಗೆ ಮಾಡುವಂತಿಲ್ಲ, ಭಾರ ಹಿಡಿತ ತಪ್ಪಿ ಬೀಳುತ್ತದೆ. ಅಲ್ಲಿ ಫ್ಲೋ ಕಂಟ್ರೋಲನ್ನು ಸಿಲಿಂಡರ್ ಪೋರ್ಟ್ ಮೇಲೇ ಕೂರಿಸಬೇಕು, ಆಗ ಏರಿದ ಪ್ರೆಶರ್ ಹೋಸ್‌ವರೆಗೆ ಬರುವುದಿಲ್ಲ. ಆದರೆ ಸಿಲಿಂಡರ್ ಮತ್ತು ಅದರ ಸೀಲ್‌ಗಳು ಆ ಪ್ರೆಶರಿಗೆ ತಕ್ಕವಾ ಅಂತ ನೋಡಿಕೊಳ್ಳಬೇಕು.

ಮತ್ತೆ ಗೇಜ್ ಹಾಕಿದೆವು. ರಾಮ್ ಮುಂದೆ ಹೋಗುವಾಗ ರಾಡ್ ಕಡೆ 20 ಬಾರ್ ಆಸುಪಾಸು. ಹಿಂದೆ ಬಂದು ತುದಿ ಮುಟ್ಟಿದಾಗ 180. ಈಗ 275ರ ಹೋಸ್ ಸಾಕು, ಕ್ಷಣದ ಏರಿಕೆಗೂ ಜಾಗ ಇದೆ. 315ರ ಫಿಟ್ಟಿಂಗೂ ಸಾಕು.

ಆಮೇಲೆ ಬಾಗು. ಸಿಲಿಂಡರ್ ತುದಿಗೆ ನೇರ ಫಿಟ್ಟಿಂಗ್ ಬದಲು 90 ಡಿಗ್ರಿ ಎಲ್ಬೋ ಹಾಕಿದೆವು. ಹೋಸ್ ಸಿಲಿಂಡರ್ ಪಕ್ಕದಲ್ಲೇ ಮಲಗಿ ಬಂತು, ಬಿಗಿ ಬಾಗು ಹೋಯಿತು. ರಟ್ಟಿನ ಮೇಲೆ ಅಳೆದಾಗ 200 ಮಿ.ಮೀ. ಹೋಸನ್ನೂ ಇಎನ್ 857 2ಎಸ್‌ಸಿಗೆ ಬದಲಾಯಿಸಿದೆವು. ಅರ್ಧ ಇಂಚಿನಲ್ಲಿ ಅದಕ್ಕೂ ಅದೇ 275 ಬಾರ್, ಆದರೆ ಕನಿಷ್ಠ ರೇಡಿಯಸ್ 130. "ಹಾಗಾದ್ರೆ ಹಳೇ ದಾರಿಯಲ್ಲೇ 2ಎಸ್‌ಸಿ ಹಾಕಿದ್ರೆ ಆಗ್ತಿತ್ತಲ್ಲ, 129 ಇತ್ತಲ್ಲ" ಅಂತ ಫಿಟ್ಟರ್ ಕೇಳಿದ. ಆಗುತ್ತಿರಲಿಲ್ಲ. ದಿನಕ್ಕೆ 1440 ಸಲ ಅಲುಗಾಡುವ ಹೋಸನ್ನು ಅದರ ಮಿತಿಯ ಗೆರೆ ಮೇಲೆ ಕೂರಿಸಲು ನನಗೆ ಮನಸ್ಸಿಲ್ಲ. 130ರ ಹೋಸ್‌ಗೆ 200 ಜಾಗ ಕೊಟ್ಟರೆ ನೆಮ್ಮದಿ.

ಉದ್ದ 900 ಮಿ.ಮೀ. ಕತ್ತರಿಸುವ ಮುಂಚೆ ಇನ್ನೊಂದು ಲೆಕ್ಕ. ಪ್ರೆಶರ್ ಬಂದಾಗ ಈ ಬಗೆಯ ಹೋಸ್ ಶೇ. 4ರವರೆಗೆ ಗಿಡ್ಡವಾಗಬಹುದು, ಅಂದರೆ 36 ಮಿ.ಮೀ. ರಾಡ್ ಎರಡೂ ತುದಿಯಲ್ಲಿ ಇರುವಾಗ ಅಷ್ಟು ಸಡಿಲ ಉಳಿಯುವ ಹಾಗೆ ನೋಡಿಕೊಂಡೆವು. ಬಿಗಿಯುವಾಗ ಒಂದು ಸ್ಪ್ಯಾನರ್ ನಟ್‌ಗೆ, ಇನ್ನೊಂದು ಹೋಸ್ ತುದಿಯ ಷಡ್ಭುಜಕ್ಕೆ. ಬಿಗಿದ ಮೇಲೆ ಅಕ್ಷರಗಳ ಸಾಲು ನೇರ ಇದೆಯಾ ಅಂತ ಮತ್ತೊಮ್ಮೆ ನೋಡಿದೆವು.

ಟೆಸ್ಟ್ ಪಾಯಿಂಟನ್ನು ತೆಗೆಯಲಿಲ್ಲ, ಕ್ಯಾಪ್ ಹಾಕಿ ಅಲ್ಲೇ ಬಿಟ್ಟೆವು. ಎಂಟು ತಿಂಗಳ ನಂತರ ಅದಕ್ಕೇ ಗೇಜ್ ಸಿಕ್ಕಿಸಿ ನೋಡಿದಾಗ ಮುಳ್ಳು ಅದೇ 20ರ ಹತ್ತಿರ ಇತ್ತು. ಹೋಸ್ ಅವತ್ತು ಹಾಕಿದ್ದೇ. ಫೆರೂಲ್ ಪಕ್ಕ ಬೆರಳಿನಲ್ಲಿ ಒತ್ತಿದರೆ ಕವರ್ ಇನ್ನೂ ಮೆತ್ತಗಿತ್ತು.